ಅರವತ್ತು ಸೆಕೆಂಡಿಗೆ ಎಷ್ಟು ಅಕ್ಷರ? ಕನ್ನಡ ನಿರೂಪಣೆಯ ಅವಧಿಯನ್ನು ಓದುವ ಮೊದಲೇ ಲೆಕ್ಕ ಹಾಕುವ ಬಗೆ

ಮೈಸೂರಿನಿಂದ ಪ್ರವಾಸಿಗರನ್ನು ಕರೆದೊಯ್ಯುವ ಗೆಳೆಯರೊಬ್ಬರು ರಂಗನತಿಟ್ಟಿನ ಬಗ್ಗೆ ಒಂದು ಧ್ವನಿ ನಿರೂಪಣೆ ಬೇಕೆಂದರು. ಶ್ರೀರಂಗಪಟ್ಟಣದ ಹತ್ತಿರ ಪಕ್ಷಿಧಾಮದ ಕಡೆ ವ್ಯಾನು ತಿರುಗಿದಾಗ ಹಾಕುವಂಥದ್ದು. ಸರಿಯಾಗಿ ಅರವತ್ತು ಸೆಕೆಂಡು ಇರಬೇಕು, ಏಕೆಂದರೆ ಅದರ ಹಿಂದೆಯೇ ಇನ್ನೊಂದು ಧ್ವನಿ ತುಣುಕು ತಾನಾಗಿ ಶುರುವಾಗುತ್ತದೆ. ಅವರು ಬರೆದು ಕಳಿಸಿದ ಪಠ್ಯವನ್ನು ನಾನು ಅಕ್ಷರ ಎಣಿಸುವ ಸಣ್ಣ ಪ್ರೋಗ್ರಾಂಗೆ ಹಾಕಿದೆ. ಐವತ್ತೈದೂವರೆ ಸೆಕೆಂಡು ಎಂದಿತು. ಸಮಾಧಾನದಿಂದ ಮೈಕಿನ ಮುಂದೆ ಕೂತು ಓದಿದರೆ ಅರವತ್ತೊಂದು ಸೆಕೆಂಡು ದಾಟಿತು. ಆ ಆರು ಸೆಕೆಂಡು ಎಲ್ಲಿಂದ ಬಂತು ಎಂದು ಹುಡುಕಿದಾಗ ಸಿಕ್ಕ ಉತ್ತರವೇ ಈ ಬರಹದ ತಿರುಳು. ಅದೇ ಪಠ್ಯವನ್ನು ಇಟ್ಟುಕೊಂಡು ಇಡೀ ಲೆಕ್ಕವನ್ನು ಹಂತ ಹಂತವಾಗಿ ಬಿಡಿಸುತ್ತೇನೆ.

ಪದ ಎಣಿಸಬೇಡಿ

ನಿಮಿಷಕ್ಕೆ ಇಷ್ಟು ಪದ ಎಂಬ ಲೆಕ್ಕ ಇಂಗ್ಲಿಷಿನ ಜೊತೆ ನಮ್ಮಲ್ಲಿಗೆ ಬಂದದ್ದು. ಕನ್ನಡಕ್ಕೆ ಅದು ಹೊಂದುವುದಿಲ್ಲ. ನಮ್ಮಲ್ಲಿ ವಿಭಕ್ತಿ, ಕಾಲ, ವಚನ ಎಲ್ಲವೂ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ‘ಬಾ’ ಎನ್ನುವುದೂ ಒಂದು ಪದ, ‘ಮಾಡಬೇಕಾಗಿರುವುದರಿಂದ’ ಎನ್ನುವುದೂ ಒಂದು ಪದ. ಮೊದಲನೆಯದು ಒಂದು ಅಕ್ಷರ, ಎರಡನೆಯದು ಹತ್ತು.

ರಂಗನತಿಟ್ಟಿನ ಪಠ್ಯದಲ್ಲೇ ನೋಡಿ. ಮೊದಲ ವಾಕ್ಯ ‘ಶ್ರೀರಂಗಪಟ್ಟಣಕ್ಕೆ ಹತ್ತಿರ, ಕಾವೇರಿಯ ನಡುವೆ, ಕೆಲವು ಪುಟ್ಟ ನಡುಗಡ್ಡೆಗಳಿವೆ.’ ಇದರಲ್ಲಿ 7 ಪದ, 29 ಅಕ್ಷರ. ಕೊನೆಯ ವಾಕ್ಯ ‘ದೋಣಿಯಲ್ಲಿ ಕೂತಾಗ ಮಾತು ಕಡಿಮೆ ಮಾಡಿ, ಹಕ್ಕಿಗಳ ಸದ್ದು ಕೇಳಿ.’ ಇದರಲ್ಲಿ 8 ಪದ, 22 ಅಕ್ಷರ. ಪದ ಹೆಚ್ಚಿರುವ ವಾಕ್ಯವೇ ಬೇಗ ಮುಗಿಯುತ್ತದೆ. ಪದವನ್ನು ನಂಬಿದವರಿಗೆ ಇದು ತಿಳಿಯುವುದೇ ಇಲ್ಲ.

ಯಂತ್ರದ ಲೆಕ್ಕವೂ ಅಷ್ಟೇ. ಎಕ್ಸೆಲ್‌ನಲ್ಲಿ `LEN` ಹಾಕಿದರೆ ‘ಮಂಡ್ಯ’ ಎಂಬುದಕ್ಕೆ 5 ಎಂದು ತೋರಿಸುತ್ತದೆ. ಮ, ಸೊನ್ನೆ, ಡ, ಡಕಾರದ ಸ್ವರ ತೆಗೆಯುವ ವಿರಾಮ ಚಿಹ್ನೆ, ಯ ಎಂದು ಯಂತ್ರ ಬೇರೆ ಬೇರೆಯಾಗಿ ಎಣಿಸುತ್ತದೆ. ಬಾಯಲ್ಲಿ ಅದು ಮಂ, ಡ್ಯ ಎಂದು ಎರಡೇ. ‘ಕೃಷ್ಣರಾಜಸಾಗರ’ಕ್ಕೆ ಯಂತ್ರ 12 ಎನ್ನುತ್ತದೆ, ಬಾಯಿ 7 ಎನ್ನುತ್ತದೆ.

ಹಂತ 1: ಮಾತಿಗೆ ಎಷ್ಟು ಸೆಕೆಂಡು ಉಳಿದಿದೆ ಎಂದು ಗೊತ್ತುಮಾಡಿಕೊಳ್ಳಿ

ಅರವತ್ತು ಸೆಕೆಂಡಿನ ಜಾಗ ಎಂದರೆ ಅರವತ್ತು ಸೆಕೆಂಡಿನ ಮಾತು ಅಲ್ಲ. ಗೆಳೆಯರಿಗೆ ಮೊದಲಲ್ಲಿ ಒಂದು ಸೆಕೆಂಡು ತಂತಿಯ ನಾದ ಬೇಕಿತ್ತು, ಕೊನೆಯಲ್ಲಿ ಎರಡು ಸೆಕೆಂಡು ಆ ನಾದ ಕರಗಬೇಕಿತ್ತು. ಉಳಿದದ್ದು 57. ಮುಂದಿನ ಎಲ್ಲ ಲೆಕ್ಕವನ್ನೂ ಈ 57ರ ಮೇಲೆ ಹಾಕುತ್ತೇನೆ. ಇದನ್ನು ಬರೆಯುವವರ ಜೊತೆ ಮೊದಲೇ ಮಾತಾಡಿಕೊಳ್ಳದಿದ್ದರೆ ಅವರು ಅರವತ್ತಕ್ಕೆ ಬರೆದು ಕೊಡುತ್ತಾರೆ, ಆಮೇಲೆ ಕತ್ತರಿಸುವ ಸಂಕಟ ಓದುವವರ ಪಾಲಿಗೆ.

ಹಂತ 2: ಪಠ್ಯವನ್ನು ಬಾಯಲ್ಲಿ ಬರುವ ರೂಪಕ್ಕೆ ತನ್ನಿ

ಎಣಿಕೆಗೆ ಮೊದಲು ಮಾಡಬೇಕಾದ ಕೆಲಸ ಇದು. ನನ್ನ ಆರು ಸೆಕೆಂಡು ಕಳೆದುಹೋದದ್ದೂ ಇಲ್ಲಿಯೇ.

ಗೆಳೆಯರ ಪಠ್ಯದಲ್ಲಿ ಮೂರು ಇಸವಿಗಳಿದ್ದವು. ಕಂಠೀರವ ನರಸರಾಜ ಒಡೆಯರ್ ಒಡ್ಡು ಕಟ್ಟಿಸಿದ್ದು 1640ರ ದಶಕದಲ್ಲಿ, ಪಕ್ಷಿಧಾಮವಾದದ್ದು 1940ರಲ್ಲಿ, ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2022ರಲ್ಲಿ. ಪುಟದ ಮೇಲೆ ಇವು ನಾಲ್ಕು ನಾಲ್ಕು ಅಂಕಿ. ಅಕ್ಷರ ಎಣಿಸುವ ಪ್ರೋಗ್ರಾಂ ಅಂಕಿಯನ್ನು ಅಕ್ಷರ ಎಂದು ಗಣಿಸುವುದಿಲ್ಲ, ಹಾಗಾಗಿ ‘1940ರಲ್ಲಿ’ ಎಂಬುದಕ್ಕೆ ಅದು ರ, ಲ್ಲಿ ಎಂದು ಎರಡೇ ಕೊಟ್ಟಿತು. ಓದುವಾಗ ಅದು ‘ಸಾವಿರದ ಒಂಬೈನೂರ ನಲವತ್ತರಲ್ಲಿ’. ಬೆರಳು ಮಡಚಿ ಎಣಿಸಿ: ಸಾ, ವಿ, ರ, ದ, ಒಂ, ಬೈ, ನೂ, ರ, ನ, ಲ, ವ, ತ್ತ, ರ, ಲ್ಲಿ. ಹದಿನಾಲ್ಕು. ಹನ್ನೆರಡು ಅಕ್ಷರ ಲೆಕ್ಕಕ್ಕೇ ಬಂದಿರಲಿಲ್ಲ. ‘1640ರ’ ಮತ್ತು ‘2022ರಲ್ಲಿ’ ಎಂಬಲ್ಲಿಯೂ ಹನ್ನೆರಡು ಹನ್ನೆರಡು. ಒಟ್ಟು 36 ಅಕ್ಷರ. ನನ್ನ ಓದಿನ ವೇಗದಲ್ಲಿ ಅದು ಆರು ಸೆಕೆಂಡಿಗೆ ತುಸು ಮೇಲೆ.

ಆದ್ದರಿಂದ ಎಲ್ಲ ಅಂಕಿಗಳನ್ನೂ ಅಕ್ಷರದಲ್ಲಿ ಬಿಡಿಸಿ ಬರೆಯಿರಿ. ಯಾವ ರೂಪದಲ್ಲಿ ಓದುತ್ತಾರೆ ಎನ್ನುವುದನ್ನೂ ನಿರೂಪಕರನ್ನು ಕೇಳಿಕೊಂಡು ಬರೆಯಿರಿ. ಮಾತಿನಲ್ಲಿ ಎಷ್ಟೋ ಜನ ‘ನೈಂಟೀನ್ ಫಾರ್ಟಿ’ ಎಂದುಬಿಡುತ್ತಾರೆ, ಅದು ನಾಲ್ಕೇ ಅಕ್ಷರ. ‘ಸಾವಿರದ ಒಂಬೈನೂರ’ ಎನ್ನುವುದು ಓಟದಲ್ಲಿ ‘ಸಾವಿರದೊಂಬೈನೂರ’ ಆಗಿ ಒಂದು ಅಕ್ಷರ ನುಂಗುವುದೂ ಉಂಟು.

ಸಂಕ್ಷಿಪ್ತ ರೂಪಗಳಿಗೂ ಇದೇ ನಿಯಮ. ‘ಕಿ.ಮೀ.’ ಎಂದಿದ್ದರೆ ಕಿಲೋಮೀಟರ್ ಎಂದು ಬಿಡಿಸಿ, ಅದು ನಾಲ್ಕು ಅಕ್ಷರ. ‘ಡಾ.’ ಎಂದಿದ್ದರೆ ಡಾಕ್ಟರ್, ಎರಡು ಅಕ್ಷರ. ‘ಕೆ.ಆರ್.ಎಸ್.’ ಎಂಬುದರಲ್ಲಿರುವ ಚುಕ್ಕಿಗಳನ್ನು ತೆಗೆದು ಕೆಆರ್‌ಎಸ್ ಎಂದು ಬರೆಯಿರಿ, ಇಲ್ಲವಾದರೆ ಮುಂದೆ ನಿಲುಗಡೆ ಎಣಿಸುವಾಗ ಆ ಚುಕ್ಕಿಗಳೆಲ್ಲ ಪೂರ್ಣವಿರಾಮಗಳಾಗಿ ಕೂರುತ್ತವೆ.

ಇನ್ನೊಂದು ತೀರ್ಮಾನ ಇಲ್ಲೇ ಆಗಬೇಕು. ಪಠ್ಯವನ್ನು ಗ್ರಂಥಸ್ಥ ಕನ್ನಡದಲ್ಲಿ ಓದುತ್ತಾರೋ, ಆಡುಮಾತಿನಲ್ಲಿ ಹೇಳುತ್ತಾರೋ? ‘ಮಾಡುತ್ತಾರೆ’ ನಾಲ್ಕು ಅಕ್ಷರ, ‘ಮಾಡ್ತಾರೆ’ ಮೂರು. ‘ಅವರಿಗೆ’ ನಾಲ್ಕು, ‘ಅವ್ರಿಗೆ’ ಮೂರು. ನಮ್ಮ ಮಂಡ್ಯ, ಮೈಸೂರಿನ ಮಾತಿನಲ್ಲಿ ಪದದ ನಡುವಿನ ಉಕಾರ, ಅಕಾರ ಹೀಗೆ ಸಲೀಸಾಗಿ ಬಿದ್ದುಹೋಗುತ್ತವೆ. ಇಂಗ್ಲಿಷಿನ ಪದಗಳಲ್ಲಿ ಇದು ತಿರುವುಮುರುವು. ‘ಬಸ್’ ಎಂದು ಬರೆದದ್ದು ಒಂದು ಅಕ್ಷರ, ಆದರೆ ‘ಬಸ್ಸು’ ಎಂದು ಹೇಳಿದರೆ ಎರಡು. ‘ಸ್ಕೂಲ್’ ಒಂದು, ‘ಇಸ್ಕೂಲು’ ಮೂರು. ನಿರೂಪಕರ ಬಾಯಲ್ಲಿ ಯಾವುದು ಬರುತ್ತದೋ ಎಣಿಕೆಯ ಪ್ರತಿಯಲ್ಲಿ ಅದೇ ಇರಲಿ. ಜನರಿಗೆ ತೋರಿಸುವ ಪ್ರತಿ ಬೇರೆ ಇದ್ದರೆ ತೊಂದರೆಯಿಲ್ಲ.

ಹಂತ 3: ಅಕ್ಷರ ಎಣಿಸಿ

ನಿಯಮ ಒಂದೇ: ಸ್ವರ ಎಲ್ಲಿ ಕೇಳುತ್ತದೋ ಅಲ್ಲೊಂದು ಅಕ್ಷರ. ಒತ್ತಕ್ಷರ ಎಷ್ಟೇ ದೊಡ್ಡದಾಗಿದ್ದರೂ ಒಂದೇ. ‘ಶ್ರೀ’ ಒಂದು, ‘ಸ್ಟ್ಯಾಂ’ ಒಂದು. ಸೊನ್ನೆ ಬೇರೆ ಅಕ್ಷರವಲ್ಲ, ತನ್ನ ಹಿಂದಿನದಕ್ಕೆ ಸೇರಿಕೊಳ್ಳುತ್ತದೆ. ಅರ್ಧಾಕ್ಷರಕ್ಕೆ ಲೆಕ್ಕವಿಲ್ಲ, ‘ಒಡೆಯರ್’ ಮೂರೇ. ವಿಸರ್ಗ ಮಾತ್ರ ಸ್ವಲ್ಪ ಗಮನ ಬೇಡುತ್ತದೆ. ‘ಪುನಃ’ ಎಂಬುದನ್ನು ನಾವು ‘ಪುನಹ’ ಎಂದೇ ಹೇಳುವುದರಿಂದ ಪದದ ಕೊನೆಯ ವಿಸರ್ಗಕ್ಕೆ ಒಂದು ಸೇರಿಸಿ.

ಕೈಯಲ್ಲಿ ಎಣಿಸುವುದಾದರೆ ವಾಕ್ಯಕ್ಕೊಂದು ಸಾಲು ಮಾಡಿ, ಸಾಲಿನ ಕೊನೆಯಲ್ಲಿ ಸಂಖ್ಯೆ ಬರೆದಿಡಿ. ಇಡೀ ಪಠ್ಯಕ್ಕೆ ಒಂದೇ ಸಂಖ್ಯೆ ಇಟ್ಟುಕೊಂಡರೆ ಮುಂದೆ ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದಿಲ್ಲ.

ಕಂಪ್ಯೂಟರಿನಲ್ಲಿ ಎಣಿಸಲು ಒಂದು ಸರಳ ಉಪಾಯವಿದೆ. ಕನ್ನಡದ ಯುನಿಕೋಡಿನಲ್ಲಿ ಪ್ರತಿ ವ್ಯಂಜನಕ್ಕೂ ಒಂದು ‘ಅ’ ಒಳಗೇ ಇರುತ್ತದೆ. ಕಾಗುಣಿತದ ಚಿಹ್ನೆ ಬಂದರೆ ಆ ‘ಅ’ ಬದಲಾಗುತ್ತದೆ, ಆದರೆ ಅಕ್ಷರದ ಸಂಖ್ಯೆ ಬದಲಾಗುವುದಿಲ್ಲ. ಸ್ವರವನ್ನು ಪೂರ್ತಿ ತೆಗೆದುಹಾಕುವುದು ವಿರಾಮ ಚಿಹ್ನೆ ಒಂದೇ. ಒತ್ತಕ್ಷರ ಹುಟ್ಟುವುದೂ ಅದರಿಂದಲೇ, ಅರ್ಧಾಕ್ಷರ ಹುಟ್ಟುವುದೂ ಅದರಿಂದಲೇ. ಹಾಗಾಗಿ ಸ್ವರಗಳನ್ನೂ ವ್ಯಂಜನಗಳನ್ನೂ ಕೂಡಿಸಿ ಅದರಲ್ಲಿ ವಿರಾಮ ಚಿಹ್ನೆಗಳನ್ನು ಕಳೆದರೆ ಉತ್ತರ ಬಂತು. ‘ಅಕ್ಕ’ದಲ್ಲಿ ಒಂದು ಸ್ವರ, ಎರಡು ವ್ಯಂಜನ, ಒಂದು ವಿರಾಮ: ಎರಡು ಅಕ್ಷರ. ‘ಬಸ್’ನಲ್ಲಿ ಎರಡು ವ್ಯಂಜನ, ಒಂದು ವಿರಾಮ: ಒಂದು ಅಕ್ಷರ.

```python
import re

def aksharas(s):
    letters = re.findall('[\u0C85-\u0CB9\u0CDE\u0CE0]', s)
    return len(letters) - s.count('\u0CCD')

text = open('script.txt', encoding='utf-8').read()
if re.search(r'\d', text):
    print('digits!')
A = aksharas(text)
S = len(re.findall('[.?!]', text)) - 1
C = text.count(',')
print(A, S, C, A/5.8 + 0.7*S + 0.35*C)
```

ಅಂಕಿ ಉಳಿದಿದ್ದರೆ ಇದು `digits!` ಎಂದು ಎಚ್ಚರಿಸುತ್ತದೆ. ಇಂಗ್ಲಿಷ್ ಅಂಕಿ, ಕನ್ನಡ ಅಂಕಿ ಎರಡನ್ನೂ ಹಿಡಿಯುತ್ತದೆ. ನನ್ನ ಮೊದಲ ಪ್ರೋಗ್ರಾಂನಲ್ಲಿ ಆ ಎರಡು ಸಾಲು ಇರಲಿಲ್ಲ. ‘ರಾಜ್‌ಕುಮಾರ್’ ಥರದ ಪದಗಳಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ನಡುವೆ ಕೂತಿರುತ್ತದೆ, ಅದರಿಂದ ಈ ಎಣಿಕೆಗೆ ಏನೂ ಆಗುವುದಿಲ್ಲ, ಮೂರು ಎಂದು ಸರಿಯಾಗಿಯೇ ಬರುತ್ತದೆ. ವಿಸರ್ಗವನ್ನು ಮಾತ್ರ ಇದು ಬಿಟ್ಟುಬಿಡುತ್ತದೆ. ಪಠ್ಯದಲ್ಲಿ ‘ಪುನಃ’, ‘ಸ್ವತಃ’ ಇದ್ದರೆ ಎಣಿಕೆಯ ಪ್ರತಿಯಲ್ಲಿ ‘ಪುನಹ’, ‘ಸ್ವತಹ’ ಎಂದೇ ಬರೆದುಬಿಡಿ.

ಕೊನೆಯ ಸಾಲಿನಲ್ಲಿರುವ 5.8, 0.7, 0.35 ನನ್ನ ಧ್ವನಿಯ ಸಂಖ್ಯೆಗಳು. ಅವನ್ನು ಹಾಗೇ ತೆಗೆದುಕೊಳ್ಳಬೇಡಿ. ನಿಮ್ಮ ಸಂಖ್ಯೆ ಕಂಡುಕೊಳ್ಳುವುದು ಮುಂದಿನ ಹಂತ.

ಹಂತ 4: ನಿಮ್ಮ ನಿರೂಪಕರ ವೇಗ ಅಳೆಯಿರಿ, ಮಾತು ಬೇರೆ, ಮೌನ ಬೇರೆ

ಒಟ್ಟು ಅಕ್ಷರವನ್ನು ಒಟ್ಟು ಸೆಕೆಂಡಿನಿಂದ ಭಾಗಿಸಿ ಒಂದೇ ಸಂಖ್ಯೆ ಇಟ್ಟುಕೊಳ್ಳುವವರು ತುಂಬಾ ಜನ. ಪಠ್ಯದಿಂದ ಪಠ್ಯಕ್ಕೆ ಆ ಸಂಖ್ಯೆ ಓಲಾಡುತ್ತದೆ. ಕಾರಣ ಮೌನ. ಚಿಕ್ಕ ಚಿಕ್ಕ ವಾಕ್ಯಗಳಿರುವ ಪಠ್ಯದಲ್ಲಿ ನಿಲುಗಡೆ ಹೆಚ್ಚು, ಉದ್ದ ವಾಕ್ಯಗಳಿರುವಲ್ಲಿ ಕಡಿಮೆ. ಆದರೆ ಬಾಯಿ ಆಡುತ್ತಿರುವಷ್ಟು ಹೊತ್ತು ಒಬ್ಬ ಮನುಷ್ಯನ ವೇಗ ಬಹಳ ಬದಲಾಗುವುದಿಲ್ಲ. ಆದ್ದರಿಂದ ಎರಡನ್ನೂ ಬೇರೆ ಬೇರೆ ಅಳೆಯಬೇಕು.

ನಾನು ಹಳೆಯದೊಂದು ನಿರೂಪಣೆ ತೆಗೆದುಕೊಂಡೆ, ಅದರಲ್ಲಿ 240 ಅಕ್ಷರ. ಮೂರು ಸಲ ಓದಿ ರೆಕಾರ್ಡ್ ಮಾಡಿದೆ. ಮೊದಲ ಸಲ ಒಟ್ಟು 51 ಸೆಕೆಂಡು. ಅದರಲ್ಲಿ ನಿಲುಗಡೆಗಳನ್ನೆಲ್ಲ ಕೂಡಿಸಿದರೆ 9.6 ಸೆಕೆಂಡು, ಉಳಿದ ಮಾತು 41.4. ಇನ್ನೆರಡು ಓದಿನಲ್ಲಿ ಮಾತು 41.0 ಮತ್ತು 41.8 ಬಂತು. ಸರಾಸರಿ 41.4. 240ನ್ನು 41.4ರಿಂದ ಭಾಗಿಸಿದರೆ ಸೆಕೆಂಡಿಗೆ 5.8 ಅಕ್ಷರ.

ಮೌನವನ್ನು ಬೇರ್ಪಡಿಸಲು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಪ್ರತಿಯೊಂದನ್ನು ನಕಲು ಮಾಡಿಕೊಂಡು, `Truncate to` ಎಂಬಲ್ಲಿ 0 ಇಟ್ಟು `Truncate Silence` ಹಾಕಬಹುದು. ಇಲ್ಲಿ ಕನ್ನಡದಂಥ ಭಾಷೆಗಳಲ್ಲಿ ಬರುವ ಒಂದು ತೊಡಕು ಇದೆ. ‘ಹಕ್ಕಿ’, ‘ತಿಟ್ಟು’, ‘ಹತ್ತಿರ’ ಎನ್ನುವಾಗ ಕ್ಕ, ಟ್ಟ, ತ್ತಗಳ ಒಳಗೆ ನಾಲಿಗೆ ಒಂದು ಕ್ಷಣ ಪೂರ್ತಿ ಮುಚ್ಚಿಕೊಂಡು ನಿಲ್ಲುತ್ತದೆ. ಆ ಕ್ಷಣ ಸದ್ದೇ ಇರುವುದಿಲ್ಲ. ತಂತ್ರಾಂಶ ಅದನ್ನು ಮೌನ ಎಂದು ತಿಳಿದು ಕತ್ತರಿಸಿಬಿಟ್ಟರೆ ಮಾತಿನ ಅವಧಿ ಚಿಕ್ಕದಾಗಿ, ವೇಗ ಇಲ್ಲದಷ್ಟು ಹೆಚ್ಚಾಗಿ ಕಾಣುತ್ತದೆ. ಹಾಗಾಗಿ `Duration` ಎಂಬಲ್ಲಿ 0.25 ಸೆಕೆಂಡಿಗಿಂತ ಕಡಿಮೆ ಇಡಬೇಡಿ. ಕತ್ತರಿಸಿದ ನಕಲನ್ನು ಒಮ್ಮೆ ಕೇಳಿ. ‘ಹಕ್ಕಿ’ ಎಂಬುದು ‘ಹಕಿ’ ಎಂದು ಕೇಳಿದರೆ ಅಳತೆ ಕೆಟ್ಟಿದೆ ಎಂದೇ ಅರ್ಥ. ಸರಸ್ವತಿಪುರಂನ ನನ್ನ ಕೋಣೆಯಲ್ಲಿ ರಸ್ತೆಯ ಸದ್ದು ಒಳಗೆ ಬರುವುದರಿಂದ ತಂತ್ರಾಂಶಕ್ಕೆ ಕೆಲವು ನಿಲುಗಡೆಗಳು ಮೌನ ಎಂದೇ ತೋರುವುದಿಲ್ಲ. ಅಂಥ ಕಡೆ ಅಲೆಯ ಚಿತ್ರ ನೋಡಿ ಕೈಯಲ್ಲೇ ಆಯ್ದು ಅಳೆಯುವುದು ಲೇಸು.

ನಿಲುಗಡೆಗಳನ್ನು ಅಳೆದಾಗ ನನ್ನ ಓದಿನಲ್ಲಿ ಪೂರ್ಣವಿರಾಮಕ್ಕೆ ಸುಮಾರು 0.7 ಸೆಕೆಂಡು, ಅಲ್ಪವಿರಾಮಕ್ಕೆ 0.35 ಬಂತು. ಕೊನೆಯ ಪೂರ್ಣವಿರಾಮದ ನಂತರ ಮಾತೇ ಇಲ್ಲವಾದ್ದರಿಂದ ಅದನ್ನು ಬಿಡಬೇಕು. ಆಗ ಸೂತ್ರ ಹೀಗೆ:

```
T = A / r + 0.7 × S + 0.35 × C
```

`A` ಅಕ್ಷರ, `r` ಸೆಕೆಂಡಿಗೆ ಎಷ್ಟು ಅಕ್ಷರ ಎಂಬುದು, `S` ಕೊನೆಯದನ್ನು ಬಿಟ್ಟು ಪೂರ್ಣವಿರಾಮಗಳು, `C` ಅಲ್ಪವಿರಾಮಗಳು.

ಗುರು ಲಘುವಿನ ಮಾತು

ಎಲ್ಲ ಅಕ್ಷರಕ್ಕೂ ಒಂದೇ ಕಾಲವೇ ಎಂಬ ಪ್ರಶ್ನೆ ಛಂದಸ್ಸು ಓದಿದವರಿಗೆ ಬಂದೇ ಬರುತ್ತದೆ. ಒಂದೇ ಕಾಲವಲ್ಲ. ‘ಹೊರಡುವ ಮೊದಲು’ ಏಳು ಅಕ್ಷರ, ಏಳೂ ಲಘು, ಏಳು ಮಾತ್ರೆ. ‘ಶ್ರೀರಂಗಪಟ್ಟಣಕ್ಕೆ’ ಕೂಡ ಏಳೇ ಅಕ್ಷರ. ಆದರೆ ಶ್ರೀ ದೀರ್ಘ, ರಂ ಸೊನ್ನೆಯಿಂದ ಗುರು, ಪ ಮತ್ತು ಣ ಮುಂದಿನ ಒತ್ತಕ್ಷರದಿಂದ ಗುರು. ನಾಲ್ಕು ಗುರು, ಮೂರು ಲಘು, ಹನ್ನೊಂದು ಮಾತ್ರೆ.

ಇವೆರಡನ್ನೂ ವಾಕ್ಯದ ಒಳಗೆ ಇಟ್ಟು ಓದಿ ಅಳೆದಾಗ ಮೊದಲನೆಯದಕ್ಕೆ ಸುಮಾರು 1 ಸೆಕೆಂಡು, ಎರಡನೆಯದಕ್ಕೆ ಸುಮಾರು 1.35 ಬಂತು. ಅಂದರೆ ಗುರು ಹೆಚ್ಚು ಹೊತ್ತು ತೆಗೆದುಕೊಳ್ಳುವುದು ನಿಜ, ಆದರೆ ಗದ್ಯದ ಓದಿನಲ್ಲಿ ಛಂದಸ್ಸು ಹೇಳುವಂತೆ ಲಘುವಿನ ಎರಡರಷ್ಟಲ್ಲ. ಮಾತ್ರೆ ಎಣಿಸಿ ಅವಧಿ ಹೇಳಲು ಹೋದರೆ ಇನ್ನೊಂದು ಬಗೆಯ ತಪ್ಪಾಗುತ್ತದೆ.

ಒಂದು ನಿಮಿಷದ ಗದ್ಯದಲ್ಲಿ ಗುರುಲಘುಗಳು ಒಂದಕ್ಕೊಂದು ಸರಿದೂಗುತ್ತವೆ, ಆದ್ದರಿಂದ ಬರೀ ಅಕ್ಷರ ಎಣಿಸಿದರೂ ಲೆಕ್ಕ ನಿಲ್ಲುತ್ತದೆ. ಸರಿದೂಗದಿರುವುದು ಹೆಸರುಗಳ ಪಟ್ಟಿಯಲ್ಲಿ. ವಿಶ್ವೇಶ್ವರಯ್ಯ, ಚಾಮುಂಡೇಶ್ವರಿ, ಕೃಷ್ಣರಾಜೇಂದ್ರ ಎಂದು ಸಾಲಾಗಿ ಬಂದರೆ ಬಾಯಿ ನಿಧಾನವಾಗುತ್ತದೆ. ಹಾಗಾಗಿ ವೇಗ ಅಳೆಯುವ ಮಾದರಿ ಪಠ್ಯ ನೀವು ಓದಬೇಕಾದ ಪಠ್ಯದ ಜಾತಿಯದೇ ಆಗಿರಲಿ. ಕಥೆ ಓದಿ ಅಳೆದ ವೇಗವನ್ನು ಸ್ಥಳಪರಿಚಯಕ್ಕೆ ಹಚ್ಚಬೇಡಿ.

ಹಂತ 5: ಲೆಕ್ಕ ಹಾಕಿ, ಕತ್ತರಿಸಿ

ಅಂಕಿಗಳನ್ನು ಬಿಡಿಸಿದ ಮೇಲೆ ಗೆಳೆಯರ ಪಠ್ಯ ಹೀಗಿತ್ತು. ಪ್ರತಿ ವಾಕ್ಯದ ಮುಂದೆ ಅಕ್ಷರಗಳ ಸಂಖ್ಯೆ ಇದೆ.

> ಶ್ರೀರಂಗಪಟ್ಟಣಕ್ಕೆ ಹತ್ತಿರ, ಕಾವೇರಿಯ ನಡುವೆ, ಕೆಲವು ಪುಟ್ಟ ನಡುಗಡ್ಡೆಗಳಿವೆ. (29)
> ಇದೇ ರಂಗನತಿಟ್ಟು. (7)
> ಸಾವಿರದ ಆರುನೂರ ನಲವತ್ತರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ್ ಹೊಳೆಗೆ ಒಡ್ಡು ಕಟ್ಟಿಸಿದರು. (40)
> ಆ ಒಡ್ಡಿನಿಂದಲೇ ಈ ನಡುಗಡ್ಡೆಗಳು ಮೂಡಿದವು. (17)
> ಪಕ್ಷಿತಜ್ಞ ಸಲೀಂ ಅಲಿ ಇಲ್ಲಿಗೆ ಬಂದು ನೋಡಿದರು, ಇದನ್ನು ಕಾಪಾಡಬೇಕೆಂದು ಮೈಸೂರು ಅರಸರಿಗೆ ಹೇಳಿದರು. (38)
> ಸಾವಿರದ ಒಂಬೈನೂರ ನಲವತ್ತರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. (26)
> ಬಣ್ಣದ ಕೊಕ್ಕರೆ, ಬಾಯ್ಕಳಕ, ಹೆಜ್ಜಾರ್ಲೆ, ಚಮಚದ ಕೊಕ್ಕು, ಎಲ್ಲವೂ ಇಲ್ಲೇ ಗೂಡು ಕಟ್ಟುತ್ತವೆ. (30)
> ಬಂಡೆಯ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತಿರುತ್ತವೆ. (20)
> ಎರಡು ಸಾವಿರದ ಇಪ್ಪತ್ತೆರಡರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. (24)
> ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಇಲ್ಲಿ ದೋಣಿ ನಿಲ್ಲುತ್ತದೆ. (31)
> ಹೊರಡುವ ಮೊದಲು ವಿಚಾರಿಸಿಕೊಳ್ಳಿ. (13)
> ದೋಣಿಯಲ್ಲಿ ಕೂತಾಗ ಮಾತು ಕಡಿಮೆ ಮಾಡಿ, ಹಕ್ಕಿಗಳ ಸದ್ದು ಕೇಳಿ. (22)

ಒಟ್ಟು 297 ಅಕ್ಷರ. ಹನ್ನೆರಡು ವಾಕ್ಯ, ಹಾಗಾಗಿ ನಡುವಿನ ಪೂರ್ಣವಿರಾಮ 11. ಅಲ್ಪವಿರಾಮ 8. ಮಾತಿಗೆ 297 ಭಾಗಿಸು 5.8, ಅಂದರೆ 51.2 ಸೆಕೆಂಡು. ಪೂರ್ಣವಿರಾಮಕ್ಕೆ 7.7, ಅಲ್ಪವಿರಾಮಕ್ಕೆ 2.8. ಎಲ್ಲ ಸೇರಿ 61.7. ನಮಗಿರುವುದು 57. 4.7 ಸೆಕೆಂಡು ಇಳಿಯಬೇಕು.

ಹತ್ತೂವರೆ ಸೆಕೆಂಡು ಬರೀ ಮೌನ ಎನ್ನುವುದನ್ನು ಗಮನಿಸಿ. ಕತ್ತರಿಸಲು ಕೂತಾಗ ನಾವು ಪದ ಹುಡುಕುತ್ತೇವೆ, ನಿಲುಗಡೆ ಕಣ್ಣಿಗೆ ಬೀಳುವುದಿಲ್ಲ. ಒಂದು ಪೂರ್ಣವಿರಾಮ ತೆಗೆದರೆ ನಾಲ್ಕು ಅಕ್ಷರ ತೆಗೆದಷ್ಟೇ ಲಾಭ.

ರಾಮ್ಸಾರ್ ವಾಕ್ಯವನ್ನು ಪೂರ್ತಿ ಎತ್ತಿಬಿಟ್ಟರೆ ಒಂದೇ ಏಟಿಗೆ ಕೆಲಸ ಮುಗಿಯುತ್ತಿತ್ತು: 24 ಅಕ್ಷರಕ್ಕೆ 4.1, ನಿಲುಗಡೆಗೆ 0.7, ಒಟ್ಟು 4.8. ಆದರೆ ಗೆಳೆಯರು ಅದು ಇರಲೇಬೇಕು ಎಂದರು. ಅವರ ಮಾತು ಸರಿಯೇ, ಪ್ರವಾಸಿಗರಿಗೆ ಹೊಸ ಸಂಗತಿ ಅದೇ. ಹಾಗಾಗಿ ಬೇರೆ ಕಡೆ ಕೈ ಹಾಕಿದೆ.

ಮೊದಲು ಒಡ್ಡಿನ ಎರಡು ವಾಕ್ಯ. ವ್ಯಾನಿನಲ್ಲಿ ಕೂತವರಿಗೆ ಆ ದಶಕವೇ ಬೇಕೆಂದಿಲ್ಲ. ‘ಸಾವಿರದ ಆರುನೂರ ನಲವತ್ತರ ದಶಕದಲ್ಲಿ’ ಎಂಬುದು 18 ಅಕ್ಷರ, ‘ಹದಿನೇಳನೆಯ ಶತಮಾನದಲ್ಲಿ’ ಎಂಬುದು 12. ಎರಡು ವಾಕ್ಯವನ್ನು ಬೆಸೆದು ‘ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ್ ಹೊಳೆಗೆ ಒಡ್ಡು ಕಟ್ಟಿಸಿದಾಗ, ಈ ನಡುಗಡ್ಡೆಗಳು ಮೂಡಿದವು’ ಎಂದು ಮಾಡಿದೆ. 57 ಇದ್ದದ್ದು 45 ಆಯಿತು. ಒಂದು ಪೂರ್ಣವಿರಾಮ ಹೋಗಿ ಅಲ್ಪವಿರಾಮ ಬಂತು. ಉಳಿತಾಯ 2.4 ಸೆಕೆಂಡು.

ಆಮೇಲೆ ಹಕ್ಕಿಗಳು. ಪಟ್ಟಿ ದುಬಾರಿ, ಏಕೆಂದರೆ ಪ್ರತಿ ಹೆಸರಿನ ಹಿಂದೆ ಒಂದು ನಿಲುಗಡೆ ಬರುತ್ತದೆ. ಚಮಚದ ಕೊಕ್ಕನ್ನು ಬಿಟ್ಟೆ. ಆರು ಅಕ್ಷರ, ಒಂದು ಅಲ್ಪವಿರಾಮ, 1.4 ಸೆಕೆಂಡು. ಉಳಿದವು ಸಣ್ಣ ಕೆಲಸ. ‘ಕಾಯಿಸುತ್ತಿರುತ್ತವೆ’ ಹೋಗಿ ‘ಕಾಯಿಸುತ್ತವೆ’, ಎರಡು ಅಕ್ಷರ. ಪಕ್ಷಿಧಾಮದ ವಾಕ್ಯದಲ್ಲಿ ‘ರಂಗನತಿಟ್ಟು’ ಬದಲು ‘ಇದು’, ಮೂರು ಅಕ್ಷರ. ‘ವಿಚಾರಿಸಿಕೊಳ್ಳಿ’ ಬದಲು ‘ವಿಚಾರಿಸಿ’, ಎರಡು ಅಕ್ಷರ.

ಈಗ 272 ಅಕ್ಷರ, 10 ಪೂರ್ಣವಿರಾಮ, 8 ಅಲ್ಪವಿರಾಮ. 46.9, 7.0, 2.8 ಕೂಡಿದರೆ 56.7. ಐವತ್ತೇಳರ ಒಳಗೆ ಬಂತು.

ಹಂತ 6: ಓದಿ, ವಾಕ್ಯ ವಾಕ್ಯವಾಗಿ ಹೋಲಿಸಿ

ಓದಿದಾಗ 57.9 ಬಂತು. 1.2 ಸೆಕೆಂಡು ಹೆಚ್ಚು. ನನ್ನದೇ ಧ್ವನಿಗೆ ನನ್ನದೇ ವೇಗ ಹಚ್ಚಿದಾಗಲೂ ಒಂದು ನಿಮಿಷದಲ್ಲಿ ಒಂದೂವರೆ ಸೆಕೆಂಡು ಆಚೀಚೆ ಆಗುವುದನ್ನು ಕಂಡಿದ್ದೇನೆ, ಇದು ಆ ಮಿತಿಯೊಳಗೇ ಇದೆ. ಆದರೂ ಎಲ್ಲಿ ಹೆಚ್ಚಾಯಿತೆಂದು ನೋಡಲೇಬೇಕು. ಪ್ರತಿ ವಾಕ್ಯಕ್ಕೂ ಸೂತ್ರ ಹೇಳಿದ ಅವಧಿಯನ್ನೂ ನಿಜವಾದ ಅವಧಿಯನ್ನೂ ಪಕ್ಕಪಕ್ಕ ಬರೆದೆ. ಹೆಚ್ಚಿನವು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಆಚೀಚೆ. ಹಕ್ಕಿಗಳ ವಾಕ್ಯಕ್ಕೆ ಮಾತ್ರ ಲೆಕ್ಕ 5.2 ಎಂದರೆ ಓದು 6.1 ತೆಗೆದುಕೊಂಡಿತ್ತು.

ಕೇಳಿದಾಗ ಕಾರಣ ತಿಳಿಯಿತು. ‘ಬಾಯ್ಕಳಕ’, ‘ಹೆಜ್ಜಾರ್ಲೆ’ ದಿನವೂ ಬಾಯಲ್ಲಿ ಆಡುವ ಪದಗಳಲ್ಲ. ಕೇಳುವವರಿಗೆ ಸ್ಪಷ್ಟವಾಗಲಿ ಎಂದು ನಾನೇ ಗೊತ್ತಿಲ್ಲದೆ ನಿಧಾನ ಮಾಡಿದ್ದೆ. ಹಾಗೆ ನಿಧಾನ ಮಾಡಿದ್ದು ಸರಿಯೇ, ಅದನ್ನು ಅವಸರದಿಂದ ಓದಿದರೆ ಹಕ್ಕಿಯ ಹೆಸರು ಯಾರ ಕಿವಿಗೂ ಬೀಳುವುದಿಲ್ಲ. ಬದಲಿಗೆ ಆ ವಾಕ್ಯದ ‘ಎಲ್ಲವೂ’ ಮತ್ತು ಅದರ ಹಿಂದಿನ ಅಲ್ಪವಿರಾಮ ತೆಗೆದೆ: ‘ಬಣ್ಣದ ಕೊಕ್ಕರೆ, ಬಾಯ್ಕಳಕ, ಹೆಜ್ಜಾರ್ಲೆ ಇಲ್ಲೇ ಗೂಡು ಕಟ್ಟುತ್ತವೆ.’ ಮೂರು ಅಕ್ಷರ ಮತ್ತು ಒಂದು ನಿಲುಗಡೆ, ಸುಮಾರು 0.9 ಸೆಕೆಂಡು. ಮತ್ತೆ ಓದಿದಾಗ 56.9.

ಅಪರೂಪದ ಹೆಸರುಗಳಿರುವ ವಾಕ್ಯಕ್ಕೆ ಈಗ ನಾನು ಲೆಕ್ಕದಲ್ಲೇ ಹೆಸರಿಗೆ ಸುಮಾರು 0.4 ಸೆಕೆಂಡು ಹೆಚ್ಚಿಗೆ ಇಟ್ಟುಕೊಳ್ಳುತ್ತೇನೆ. ಇದು ಒಂದೆರಡು ಪಠ್ಯಗಳಿಂದ ಬಂದ ಅಂದಾಜು, ನಿಮ್ಮ ಅಳತೆ ಬೇರೆ ಹೇಳಿದರೆ ಅದನ್ನೇ ನಂಬಿ.

ಇನ್ನೂ ಉಳಿದುಬಿಟ್ಟರೆ

ಅರ್ಧ, ಮುಕ್ಕಾಲು ಸೆಕೆಂಡು ಹೆಚ್ಚಿದ್ದರೆ ನಿಲುಗಡೆಗಳನ್ನು ಸ್ವಲ್ಪ ಸ್ವಲ್ಪ ಕಿರಿದು ಮಾಡಿ. ಹತ್ತು ಪೂರ್ಣವಿರಾಮಗಳನ್ನು 0.7ರಿಂದ 0.63ಕ್ಕೆ ತಂದರೆ 0.7 ಸೆಕೆಂಡು ಸಿಕ್ಕಿತು, ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ನಿಲುಗಡೆಯಿಂದ ಅಷ್ಟನ್ನೂ ಕಿತ್ತರೆ ಎರಡು ವಾಕ್ಯ ಒಂದರ ಮೇಲೊಂದು ಬಿದ್ದಂತೆ ಕೇಳುತ್ತದೆ.

ಆಡಾಸಿಟಿಯ `Change Tempo` ಬಳಸಿ ಇಡೀ ಧ್ವನಿಯನ್ನು ಒತ್ತುವುದು ನನ್ನ ಕಡೆಯ ಆಯ್ಕೆ. ಶೇಕಡ ಎರಡರಷ್ಟು ಮಾಡಿದರೆ 58.2 ಇದ್ದದ್ದು 57ರ ಹತ್ತಿರ ಬರುತ್ತದೆ, ಕಿವಿಗೆ ಅಷ್ಟು ಹಿಡಿಯುವುದಿಲ್ಲ. ಅದಕ್ಕಿಂತ ಮೇಲೆ ಹೋದಂತೆ ಮೊದಲು ಕೆಡುವುದು ದ್ವಿತ್ವಗಳು. ಕ್ಕ, ಟ್ಟಗಳ ಒಳಗಿನ ಆ ಮುಚ್ಚಿದ ಕ್ಷಣ ಕಿರಿದಾಗುತ್ತಾ ಹೋಗುತ್ತದೆ. ಕನ್ನಡದಲ್ಲಿ ಅದರಿಂದ ಅರ್ಥವೇ ಬದಲಾಗಬಹುದು, ‘ಹತ್ತಿ’ಗೂ ‘ಹತಿ’ಗೂ ಇರುವ ಅಂತರ ಆ ಕ್ಷಣದಲ್ಲೇ ಇದೆ.

‘ಸ್ವಲ್ಪ ಬೇಗ ಓದಿ’ ಎಂದು ನಿರೂಪಕರಿಗೆ ಹೇಳುವುದರಿಂದ ಪ್ರಯೋಜನ ಕಡಿಮೆ. ಹಾಗೆ ಹೇಳಿದಾಗ ನಾನು ಮೊದಲು ನುಂಗುವುದು ನಿಲುಗಡೆಗಳನ್ನು, ಆಮೇಲೆ ಪದಗಳ ಕೊನೆಯ ಸ್ವರಗಳನ್ನು. ‘ನಡುಗಡ್ಡೆಗಳು ಮೂಡಿದವು’ ಎಂಬುದು ‘ನಡುಗಡ್ಡೆಗಳ್ ಮೂಡಿದ್ವು’ ಆಗುತ್ತದೆ, ಗ್ರಂಥಸ್ಥವಾಗಿ ಶುರುವಾದ ಓದು ನಡುವಿನಲ್ಲಿ ಆಡುಮಾತಿಗೆ ಜಾರುತ್ತದೆ. ಅವಧಿ ಹೊಂದಿತು ಎನ್ನುವಷ್ಟರಲ್ಲಿ ಧಾಟಿ ಕೆಟ್ಟಿರುತ್ತದೆ.

ನಿರೂಪಕರು ಬದಲಾದರೆ ಹಂತ 4ನ್ನು ಮತ್ತೆ ಮಾಡಬೇಕು. ಇದೇ ಪಠ್ಯವನ್ನು ಸೆಕೆಂಡಿಗೆ 5.3 ಅಕ್ಷರ ಓದುವ ಹಿರಿಯರೊಬ್ಬರಿಗೆ ಕೊಟ್ಟರೆ, ನಿಲುಗಡೆಗಳು ನನ್ನಷ್ಟೇ ಇದ್ದರೂ 269 ಅಕ್ಷರಕ್ಕೆ 50.8 ಸೆಕೆಂಡು, ಮೌನಕ್ಕೆ 9.5, ಒಟ್ಟು 60 ದಾಟುತ್ತದೆ. ಅವರಿಗಾಗಿ ಇನ್ನೊಂದು ವಾಕ್ಯ ಹೋಗಬೇಕು. ಆಗ ನಾನಾದರೆ ಸಲೀಂ ಅಲಿಯವರ ವಾಕ್ಯವನ್ನು ‘ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ’ ಎಂದು ಹದಿಮೂರು ಅಕ್ಷರಕ್ಕೆ ಇಳಿಸಿ 1940ರ ವಾಕ್ಯದ ತಲೆಗೆ ಜೋಡಿಸುತ್ತೇನೆ. 25 ಅಕ್ಷರ, ಒಂದು ಪೂರ್ಣವಿರಾಮ, ಒಂದು ಅಲ್ಪವಿರಾಮ ಹೋಗಿ ಅವರ ಓದು 54.5ರ ಹತ್ತಿರ ನಿಲ್ಲುತ್ತದೆ. ಉಳಿದ ಎರಡೂವರೆ ಸೆಕೆಂಡನ್ನು ಅವರ ಉಸಿರಿಗೆ ಬಿಟ್ಟುಬಿಡಬಹುದು.